ತಿರುವಿನಲ್ಲಿ ಕಂಪಾಸ್ ಯಾಕೆ ತಪ್ಪು ತೋರಿಸುತ್ತದೆ? ಬಳ್ಳಾರಿ ಬಯಲಿನಲ್ಲಿ ಒಂದು ಬೆಳಗ್ಗೆ

ನಮಸ್ಕಾರ ಎಲ್ಲರಿಗೂ. ಟೈಮ್ ಬೆಳಗ್ಗೆ ಆರೂಕಾಲು. ಇದು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ. ಗಾಡಿ ಓಡಿಸುತ್ತಿರುವವರು ನಮ್ಮ ಮಾಮ. ನನ್ನ ಕಾಲ ಹತ್ತಿರ ಇರುವ ಚೀಲದಲ್ಲಿ ಸುಣ್ಣದ ಪುಡಿ ಇದೆ, ಅದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಪೈಲಟ್ ಕೋರ್ಸಿಗೆ ಹತ್ತು ದಿನ ರಜೆ ಸಿಕ್ಕಿದೆ, ಊರಿಗೆ ಬಂದಿದ್ದೇನೆ. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಒಂದು ವಿಷಯವನ್ನು ಕಣ್ಣಾರೆ ನೋಡಬೇಕು ಅಂತ ಹೊರಟಿದ್ದೇನೆ.

ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿರುವ ಆ ಗುಂಡನೆಯ ಕಂಪಾಸ್ ನೋಡಿ. ಒಳಗೆ ದ್ರವ, ಅದರಲ್ಲಿ ತೇಲುವ ಒಂದು ಬಿಲ್ಲೆ, ಬಿಲ್ಲೆಯ ಅಡಿಯಲ್ಲಿ ಅಯಸ್ಕಾಂತ. ಚಿಕ್ಕ ವಿಮಾನದಲ್ಲಿ ಇರುವುದೂ ಹೆಚ್ಚುಕಮ್ಮಿ ಇದೇ. ಇದು ನೇರವಾಗಿ, ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಸತ್ಯ ಹೇಳುತ್ತದೆ. ತಿರುಗಿದರೆ ತಪ್ಪು. ವೇಗ ಹೆಚ್ಚಿಸಿದರೆ ತಪ್ಪು, ಬ್ರೇಕ್ ಹಾಕಿದರೂ ತಪ್ಪು. ನನಗಂತೂ ಇದನ್ನು ಯಾಕಾದರೂ ಇಟ್ಟುಕೊಂಡಿದ್ದಾರೋ ಅನಿಸಿಬಿಟ್ಟಿದೆ.

ಇವತ್ತಿನ ಶೂಟಿಂಗ್ ಎರಡನೇ ಸಲದ್ದು. ನಿನ್ನೆಯ ಕಥೆ ಹೇಳಲೇಬೇಕು. ನಿನ್ನೆ ಇದೇ ರಸ್ತೆಯಲ್ಲಿ ಸಿರುಗುಪ್ಪದ ಕಡೆ ಮುಖ ಮಾಡಿ ಹೋಗುತ್ತಿದ್ದೆವು. ಸಿರುಗುಪ್ಪ ಬಳ್ಳಾರಿಗೆ ಹೆಚ್ಚುಕಮ್ಮಿ ನೇರ ಉತ್ತರಕ್ಕಿದೆ. ಉತ್ತರ ಅಂದರೆ ಕಂಪಾಸಿನಲ್ಲಿ ಸೊನ್ನೆ, ನಮ್ಮದು ಮಾತ್ರ 40 ತೋರಿಸುತ್ತಿತ್ತು. ಅಂದರೆ ಈಶಾನ್ಯ! ಮಾಮ ತಕ್ಷಣ, "ಸಂಡೂರಿನ ಅದಿರು ಎಳೀತಿದೆ ನೋಡಮ್ಮ, ನಮ್ಮ ಮಣ್ಣೇ ಕಬ್ಬಿಣ" ಅಂದರು. ನನಗೂ ಹೌದೇನೋ ಅನಿಸಿತು. ಆದರೆ ಸಂಡೂರಿನ ಗುಡ್ಡ ಇಲ್ಲಿಂದ ಎಷ್ಟೋ ದೂರ, ಅಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದಕ್ಕೆ ಸೂಜಿಯನ್ನು ಇಷ್ಟು ದೂರದಿಂದ ಎಳೆಯುವ ಶಕ್ತಿ ಇಲ್ಲ. ಗಾಡಿ ನಿಲ್ಲಿಸಿದೆವು. ನಿಂತಾಗಲೂ 40. ಅಲ್ಲಿಗೆ ಒಂದು ಸಂಗತಿ ಖಾತ್ರಿಯಾಯಿತು. ನಿಂತ ಗಾಡಿಯಲ್ಲೂ ಹಾಗೇ ಉಳಿಯುವ ತಪ್ಪು ತಿರುವಿನದಲ್ಲ, ವೇಗದ್ದೂ ಅಲ್ಲ. ಹತ್ತಿರದಲ್ಲೇ ಏನೋ ಎಳೆಯುತ್ತಿದೆ.

ಕಂಪಾಸ್ ಕಿತ್ತು ಕೈಯಲ್ಲಿ ಹಿಡಿದು ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದೆ. ಬಿಲ್ಲೆ ಸೊನ್ನೆಗೆ ಬಂತು. ವಾಪಸ್ ಕಾರಿನ ಹತ್ತಿರ ಬಂದರೆ ಮತ್ತೆ ಸರಿಯಿತು. ಸ್ಪೀಕರ್ ಇರಬಹುದಾ ಅಂತ ಬಾಗಿಲ ಬಳಿ ಹಿಡಿದೆ, ಅಷ್ಟೇನೂ ಇಲ್ಲ. ಕೊನೆಗೆ ಕಣ್ಣಿಗೆ ಬಿದ್ದಿದ್ದು ನನ್ನದೇ ಫೋನ್ ಹೋಲ್ಡರ್. ಶೂಟಿಂಗಿಗೆ ಅಂತಲೇ 350 ರೂಪಾಯಿ ಕೊಟ್ಟು ಹೊಸದಾಗಿ ತಂದಿದ್ದೆ. ಫೋನನ್ನು ಹಿಡಿದುಕೊಳ್ಳಲು ಅದರೊಳಗೆ ನಾಲ್ಕು ಅಯಸ್ಕಾಂತ ಇವೆ! ಕಂಪಾಸಿಗೂ ಅದಕ್ಕೂ ಒಂದು ಗೇಣು ದೂರ ಕೂಡ ಇರಲಿಲ್ಲ. ಮೂರು ಗಂಟೆಯ ಫೂಟೇಜ್, ನಾನೂರು ರೂಪಾಯಿ ಪೆಟ್ರೋಲ್, ಮಾಮನ ಒಂದು ದಿನದ ಕೆಲಸ, ಎಲ್ಲ ಹೋಯಿತು. ತುಂಬಾ ಬೇಜಾರಾಯಿತು. ವಿಮಾನದಲ್ಲಿ ಹೆಡ್‌ಸೆಟ್ಟನ್ನು ಕಂಪಾಸ್ ಪಕ್ಕ ಇಡಬೇಡಿ ಅಂತ ಹೇಳುವುದು ಇದಕ್ಕೇ. ಅದರ ಸ್ಪೀಕರಿನಲ್ಲೂ ಅಯಸ್ಕಾಂತ ಇರುತ್ತದೆ. ಇವತ್ತು ಫೋನನ್ನು ಬಟ್ಟೆಯ ಪಟ್ಟಿಯಲ್ಲಿ ಕಟ್ಟಿ ಹಿಂದಿನ ಸೀಟಿನಿಂದ ತೆಗೆಯುತ್ತಿದ್ದೇನೆ. ಸ್ವಲ್ಪ ಅಲುಗಾಡುತ್ತದೆ, ಸಹಿಸಿಕೊಳ್ಳಿ.

ಬಯಲು ಬಂತು. ಸುಣ್ಣದಲ್ಲಿ ಹಾಕಿರುವ ಈ ವೃತ್ತಕ್ಕೆ 20 ಮೀಟರ್ ತ್ರಿಜ್ಯ. ಕಾರು ಪ್ರದಕ್ಷಿಣೆಯ ಹಾಗೆ ಬಲಕ್ಕೇ ಸುತ್ತಬೇಕು. ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಕಾರಿನ ಮುಖ ಬರುವ ಜಾಗಗಳಲ್ಲಿ ಒಂದೊಂದು ಕಲ್ಲು ಇಟ್ಟಿದ್ದೇವೆ. ಮೊದಲು ಪ್ರತಿ ಕಲ್ಲಿನ ಹತ್ತಿರ ನಿಂತು ಕಂಪಾಸ್ ಓದಿ ಬರೆದುಕೊಂಡೆ. ಕಾರಿನ ಕಬ್ಬಿಣದಿಂದ ಬರುವ ತಪ್ಪು ಅದರಲ್ಲಿ ಸೇರಿಹೋಯಿತು. ಇನ್ನು ಓಡುವಾಗ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಿದರೆ ಸಾಕು.

ಮಾಮ ಗಂಟೆಗೆ 30 ಕಿಲೋಮೀಟರಿನಲ್ಲಿ ಸುತ್ತುತ್ತಿದ್ದಾರೆ. ಉತ್ತರದ ಕಲ್ಲು ನೋಡಿ. ನಿಂತಾಗ 10 ಇತ್ತು, ಈಗ 2. ಅಂದರೆ 8 ಡಿಗ್ರಿ ಹಿಂದೆ ಬಿದ್ದಿದೆ. ದಕ್ಷಿಣದಲ್ಲಿ ನಿಂತಾಗ 175, ಈಗ 178. ಇಲ್ಲಿ ಮುಂದೆ ಓಡಿದೆ. ಪೂರ್ವದಲ್ಲಿ ನಿಂತಾಗ 95 ಇದ್ದದ್ದು ಈಗ 92, 93ರ ಮಧ್ಯೆ.

ಯಾಕೆ ಹೀಗೆ? ಭೂಮಿಯ ಅಯಸ್ಕಾಂತದ ಸೆಳೆತ ಉತ್ತರಕ್ಕಷ್ಟೇ ಇಲ್ಲ, ಕೆಳಕ್ಕೂ ಇದೆ. ಸೂಜಿಯನ್ನು ನಡುವೆ ಕಟ್ಟಿ ಸುಮ್ನೆ ಬಿಟ್ಟರೆ ಅದರ ಉತ್ತರದ ತುದಿ ನೆಲದ ಕಡೆ ಬಾಗುತ್ತದೆ. ಈ ಬಾಗು ಕನ್ಯಾಕುಮಾರಿ ಕಡೆ ಹೆಚ್ಚುಕಮ್ಮಿ ಸೊನ್ನೆ. ನಮ್ಮ ಬಳ್ಳಾರಿಯಲ್ಲಿ 15 ಡಿಗ್ರಿ ಆಸುಪಾಸು, ದೆಹಲಿಯಲ್ಲಿ ಸುಮಾರು 45, ಲಂಡನ್ನಿನಲ್ಲಿ 66ರ ಹತ್ತಿರ. ಬಾಗಿದ ಬಿಲ್ಲೆ ಓದಲು ಬರುವುದಿಲ್ಲ. ಅದಕ್ಕೇ ಬಿಲ್ಲೆಯನ್ನು ಮೇಲಿನಿಂದ ಒಂದು ಮೊನೆಗೆ ತೂಗುಹಾಕಿ, ಭಾರ ಕೆಳಗೆ ಇರುವಂತೆ ಮಾಡುತ್ತಾರೆ. ಹೀಗೆ ಮಾಡಿದಾಗ ಉತ್ತರದ ತುದಿ ಕೊಂಚ ಇಳಿಯುತ್ತದೆ, ಭಾರ ಮೊನೆಯಿಂದ ದಕ್ಷಿಣಕ್ಕೆ ಸರಿದು ನಿಲ್ಲುತ್ತದೆ. ಎಲ್ಲ ತಕರಾರು ಈ ದಕ್ಷಿಣಕ್ಕೆ ಸರಿದ ಭಾರದ್ದೇ.

ಬಸ್ಸು ಮುಂದೆ ನುಗ್ಗಿದಾಗ ಮೇಲೆ ನೇತಾಡುವ ಹಿಡಿಕೆಗಳೆಲ್ಲ ಹಿಂದಕ್ಕೆ ಹೋಗುತ್ತವೆ, ಅಲ್ವಾ? ಈ ಭಾರವೂ ಹಾಗೇ. ಕಾರು ಉತ್ತರಕ್ಕೆ ಮುಖ ಮಾಡಿ ಬಲಕ್ಕೆ ತಿರುಗುತ್ತಿದೆ ಅನ್ನಿ. ಕಾರು ಪೂರ್ವದ ಕಡೆ ಎಳೆಯುತ್ತದೆ, ದಕ್ಷಿಣದಲ್ಲಿರುವ ಭಾರ ಪಶ್ಚಿಮದ ಕಡೆ ಹಿಂದುಳಿಯುತ್ತದೆ. ಆಗ ಬಿಲ್ಲೆ ಕೂಡ ಕಾರು ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗುತ್ತದೆ. ಜೊತೆಗೆ ಬಿಲ್ಲೆ ವಾಲುತ್ತದೆ. ವಾಲಿದ ಬಿಲ್ಲೆಯ ಉತ್ತರದ ತುದಿಯನ್ನು ಕೆಳಗಿನ ಸೆಳೆತ ತಗ್ಗಿನ ಕಡೆಗೆ ಎಳೆಯುತ್ತದೆ. ಅದೂ ಅದೇ ದಿಕ್ಕು. ಕಾರೂ ಬಿಲ್ಲೆಯೂ ಜೊತೆಯಲ್ಲೇ ತಿರುಗಿದರೆ ಓದಿದ ಅಂಕಿ ನಿಜಕ್ಕಿಂತ ಹಿಂದೆ ಉಳಿಯುತ್ತದೆ. ದಕ್ಷಿಣಕ್ಕೆ ಮುಖ ಇದ್ದಾಗ ಎಲ್ಲ ಉಲ್ಟಾ. ಬಿಲ್ಲೆ ಕಾರಿಗೆ ಎದುರು ತಿರುಗುತ್ತದೆ, ಅಂಕಿ ಮುಂದೆ ಓಡುತ್ತದೆ. ಪೂರ್ವ ಪಶ್ಚಿಮದಲ್ಲಿ ಎಳೆತ ಭಾರ ಇರುವ ಗೆರೆಯಲ್ಲೇ ಬೀಳುವುದರಿಂದ ಬಿಲ್ಲೆ ತಿರುಗುವುದಿಲ್ಲ. ಹಾಗಾಗಿ ಪೈಲಟ್‌ಗಳು ಉತ್ತರಕ್ಕೆ ತಿರುಗುವಾಗ ಕಂಪಾಸ್ ಉತ್ತರ ತೋರಿಸುವ ಮುಂಚೆಯೇ ತಿರುವು ನಿಲ್ಲಿಸುತ್ತಾರೆ, ದಕ್ಷಿಣಕ್ಕಾದರೆ ದಾಟಿಸಿ ನಿಲ್ಲಿಸುತ್ತಾರೆ. ಭೂಮಿಯ ದಕ್ಷಿಣ ಭಾಗದಲ್ಲಿ ಇದು ತಿರುಗುಮುರುಗು.

ಆದರೆ ನನಗೆ ಒಂದು ಅನುಮಾನ ಬಂತು. ಉತ್ತರದಲ್ಲಿ 8, ದಕ್ಷಿಣದಲ್ಲಿ ಯಾಕೆ ಬರೀ 3? ಎರಡೂ ಒಂದೇ ಇರಬೇಕಿತ್ತು. ಇದಕ್ಕೆ ಕಾರಣ ಪೂರ್ವದ ಕಲ್ಲಿನಲ್ಲಿ ಸಿಗುತ್ತದೆ. ಅಲ್ಲಿ ತಪ್ಪೇ ಬರಬಾರದಿತ್ತು, ಆದರೂ ಎರಡು ಮೂರು ಡಿಗ್ರಿ ಹಿಂದೆ ಬಿದ್ದಿದೆ. ಅದು ದ್ರವದ ಕೆಲಸ. ಕಾರು ಸುತ್ತುತ್ತಿದ್ದರೆ ಒಳಗಿನ ದ್ರವವೂ ನಿಧಾನವಾಗಿ ಸುತ್ತಲು ಶುರು ಮಾಡಿ ಬಿಲ್ಲೆಯನ್ನು ಜೊತೆಗೆ ಎಳೆಯುತ್ತದೆ. ಉತ್ತರದಲ್ಲಿ ಇದು ತಪ್ಪಿಗೆ ಕೂಡಿಕೊಳ್ಳುತ್ತದೆ, ದಕ್ಷಿಣದಲ್ಲಿ ಕಳೆಯುತ್ತದೆ. ಅದನ್ನು ಬಿಟ್ಟರೆ ಎರಡೂ ಕಡೆ ಐದರ ಹತ್ತಿರ. ಲೆಕ್ಕ ಕೂಡ ಅಷ್ಟೇ ಹೇಳುತ್ತದೆ:

```
tan(ತಪ್ಪು) = tan(ಬಾಗು) × sin(ವಾಲು)
```

ನಮ್ಮ ಸುತ್ತಿಗೆ ಬಿಲ್ಲೆಯ ವಾಲು 19.5 ಡಿಗ್ರಿ ಬರುತ್ತದೆ, ಬಾಗು 15. ತಪ್ಪು 5 ಡಿಗ್ರಿ. ಇದೇ ಸುತ್ತನ್ನು ಲಂಡನ್ನಿನಲ್ಲಿ ಹಾಕಿದರೆ 37 ಡಿಗ್ರಿ! ಈ ತಪ್ಪು ನಮ್ಮೂರಲ್ಲಿ ಯಾಕೆ ಇಷ್ಟು ಸಣ್ಣದು ಅಂತ ನನಗೆ ಅರ್ಥವಾಗಿದ್ದು ಈ ಸಂಖ್ಯೆ ನೋಡಿದ ಮೇಲೆಯೇ.

ಈಗ ಕಾರು ಪೂರ್ವಕ್ಕೆ ನೇರ. ಹಿಂದೆ ಯಾರೂ ಇಲ್ಲ, ಬಯಲು ಖಾಲಿ. 50ರಿಂದ ನಾಲ್ಕು ಸೆಕೆಂಡಿನಲ್ಲಿ ನಿಂತಿತು. ನೋಡಿದಿರಾ? 95 ಇದ್ದದ್ದು 100ಕ್ಕೆ, ದಕ್ಷಿಣದ ಕಡೆ ಸರಿಯಿತು. ಅದೇ ಭಾರ, ಈ ಸಲ ಮುಂದಕ್ಕೆ ನುಗ್ಗಿತು. ವೇಗ ಹೆಚ್ಚಿಸಿದರೆ ಉತ್ತರದ ಕಡೆ ಸರಿಯುತ್ತದೆ, ಆದರೆ ಮಾಮನ ಕಾರು ಅಷ್ಟು ಜೋರಾಗಿ ಏಳುವುದಿಲ್ಲ. ಎರಡು ಮೂರು ಡಿಗ್ರಿ ಈ ಬಿಲ್ಲೆಯಲ್ಲಿ ಓದುವುದೂ ಕಷ್ಟ. ಉತ್ತರ ದಕ್ಷಿಣಕ್ಕೆ ಹೋಗುವಾಗ ಬ್ರೇಕ್ ಹಾಕಿದರೆ ಏನೂ ಆಗುವುದಿಲ್ಲ.

ಬಿಸಿಲು ಏರುತ್ತಿದೆ. ವಗ್ಗರಣಿ, ಮಿರ್ಚಿ ಬಂತು. ತಿನ್ನುತ್ತಾ ಮಾಮ ಒಂದು ಮಾತು ನೆನಪಿಸಿದರು. 1932ರಲ್ಲಿ ಟಾಟಾ ಅವರ ಮೊದಲ ಅಂಚೆ ವಿಮಾನದ ದಾರಿ ಕರಾಚಿ, ಅಹಮದಾಬಾದ್, ಮುಂಬೈ, ಆಮೇಲೆ ನಮ್ಮ ಬಳ್ಳಾರಿ, ಕೊನೆಗೆ ಮದ್ರಾಸ್. ಈ ಬಯಲಿನ ಮೇಲಿನ ಆಕಾಶಕ್ಕೂ ದಿಕ್ಕು ಹುಡುಕುವ ಹಳೆಯ ಅಭ್ಯಾಸ ಇದೆ. ಮಿರ್ಚಿಯ ಮಾತು ಆಮೇಲೆ, ಉಳಿದ ವಿಷಯ ಮುಗಿಸೋಣ.

ವಿಮಾನದಲ್ಲಿ ಕಂಪಾಸಿನ ಜೊತೆ ಹೆಡಿಂಗ್ ಇಂಡಿಕೇಟರ್ ಅಂತ ದಿಕ್ಕು ತೋರಿಸುವ ಇನ್ನೊಂದು ಉಪಕರಣ ಇರುತ್ತದೆ. ಅದರೊಳಗೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಒಂದು ಚಕ್ರ, ಅದೇ ಜೈರೋ. ಹಳೆಯ ವಿಮಾನಗಳಲ್ಲಿ ಎಂಜಿನ್ ಪಂಪ್ ಎಳೆಯುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಚಕ್ರದ ಅಚ್ಚು ನೆಲಕ್ಕೆ ಮಟ್ಟವಾಗಿ, ಒಂದರೊಳಗೊಂದು ಬಳೆಗಳ ನಡುವೆ ಕೂತಿದೆ. ಜೋರಾಗಿ ತಿರುಗುವ ಚಕ್ರದ ಅಚ್ಚು ಇದ್ದ ದಿಕ್ಕಿನಲ್ಲೇ ನಿಲ್ಲುತ್ತದೆ. ವಿಮಾನ ಅದರ ಸುತ್ತ ತಿರುಗುತ್ತದೆ, ನಾವು ಓದುವುದು ಆ ಕೋನವನ್ನು. ಚಕ್ರದ ಭಾರ ಸರಿಯಾಗಿ ನಡುವಿನಲ್ಲಿದೆ. ದಕ್ಷಿಣಕ್ಕೆ ಸರಿದ ಭಾರ ಇಲ್ಲ, ಹಿಂದುಳಿಯುವುದಕ್ಕೆ ಏನೂ ಇಲ್ಲ. ಅದಕ್ಕೇ ತಿರುವಿನಲ್ಲೂ ವೇಗದಲ್ಲೂ ಅದು ತೋರಿಸುವ ಅಂಕಿ ಅಲುಗಾಡುವುದಿಲ್ಲ.

ಬೆಳಗ್ಗೆ ಕಂಪಾಸ್ ಯಾಕೆ ಬೇಕು ಅಂದಿದ್ದೆ ಅಲ್ವಾ? ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಜೈರೋಗೆ ಉತ್ತರ ಯಾವುದು ಅಂತ ಗೊತ್ತೇ ಇಲ್ಲ. ನಾವು ಕಂಪಾಸ್ ನೋಡಿ ಗುಂಡಿ ತಿರುಗಿಸಿ ಹೇಳಿಕೊಡಬೇಕು. ಕೊಟ್ಟ ಮೇಲೂ ಅದು ನಿಧಾನವಾಗಿ ಜಾರುತ್ತದೆ. ಭೂಮಿ ತಿರುಗುವುದರಿಂದಲೇ ಬಳ್ಳಾರಿಯ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 4 ಡಿಗ್ರಿ, ಲಂಡನ್ನಿನಲ್ಲಿ ಸುಮಾರು 12. ಅದರ ಮೇಲೆ ಬೇರಿಂಗಿನ ಉಜ್ಜಾಟ. ಅದಕ್ಕೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಂಪಾಸಿಗೆ ಸರಿಹೊಂದಿಸುತ್ತೇವೆ. ಹದಿನೈದು ನಿಮಿಷದಲ್ಲಿ 3 ಡಿಗ್ರಿಗಿಂತ ಜಾಸ್ತಿ ಜಾರಿದರೆ ಜೈರೋ ಅಥವಾ ಅದರ ಗಾಳಿಯನ್ನು ಅನುಮಾನಿಸಬೇಕು.

ಸರಿಹೊಂದಿಸುವ ಹೊತ್ತಿಗೆ ವಿಮಾನ ನೇರ, ಮಟ್ಟ, ಒಂದೇ ವೇಗದಲ್ಲಿರಬೇಕು. ನಾನು ಒಂದು ಸಲ ತಿರುವು ಮುಗಿಯುವ ಮುಂಚೆಯೇ ಗುಂಡಿ ತಿರುಗಿಸಿದ್ದೆ. ಕಂಪಾಸಿನ ಆ ಕ್ಷಣದ ತಪ್ಪು ಜೈರೋ ಒಳಗೆ ಹೋಗಿ ಕೂತುಬಿಟ್ಟಿತು. ಕಂಪಾಸ್ ಆದರೆ ಅರ್ಧ ನಿಮಿಷದಲ್ಲಿ ತಾನೇ ಸರಿಯಾಗುತ್ತದೆ, ಜೈರೋ ಆ ತಪ್ಪನ್ನು ಹಿಡಿದುಕೊಂಡೇ ಹೋಗುತ್ತದೆ. 5 ಡಿಗ್ರಿ ತಪ್ಪಿದ್ದರೆ ಬಳ್ಳಾರಿಯಿಂದ ಹೊಸಪೇಟೆಯಷ್ಟು, ಅಂದರೆ ಸುಮಾರು 60 ಕಿಲೋಮೀಟರ್ ಹಾರಿದಾಗ 5 ಕಿಲೋಮೀಟರ್ ಪಕ್ಕಕ್ಕೆ ಇರುತ್ತೀರಿ. ನನಗೆ ಗೊತ್ತಾಗಿದ್ದು ನೇರ ಹಾರುತ್ತಾ ಎರಡನ್ನೂ ಹೋಲಿಸಿ ನೋಡಿದಾಗ. ಈಗ ತಿರುವು ಮುಗಿದ ಮೇಲೆ ಬಿಲ್ಲೆ ನಿಲ್ಲುವ ತನಕ ಕಾಯುತ್ತೇನೆ, ಆಮೇಲೆ ಗುಂಡಿಗೆ ಕೈ ಹಾಕುತ್ತೇನೆ.

ಮಾಮ ಗಾಡಿ ಸ್ಟಾರ್ಟ್ ಮಾಡಿಬಿಟ್ಟರು, ಬ್ಯಾಟರಿಯೂ ಕೆಂಪಾಗಿದೆ. ವಾಪಸ್ ದಾರಿ ದಕ್ಷಿಣಕ್ಕೆ. ಹೋಲ್ಡರ್ ಡಿಕ್ಕಿಯಲ್ಲಿದೆ. ಕಂಪಾಸ್ 175, ನಿಂತಾಗ ತೋರಿಸಿದಷ್ಟೇ.