ಮಂಚದ ಕಾಲಿನ ಬಿಳಿ ಪಟ್ಟಿ

ಕೇಳುಗರಿಗೆ ನಮಸ್ಕಾರ. ಮಂಚ ಕೊಳ್ಳಲು ಹೋದರೆ ನಾವು ಮೊದಲು ಕೇಳುವುದು, "ಇದು ಸಾಗವಾನಿನಾ?" ಅಂತ. ಹೌದು ಅಂದರೆ ಗೆದ್ದಲಿನ ಚಿಂತೆ ಬಿಟ್ಟುಬಿಡುತ್ತೇವೆ. ದಾವಣಗೆರೆಯ ಹಳೇ ಊರಿನಲ್ಲಿರುವ ನಮ್ಮ ಅಕ್ಕನೂ ಹಾಗೇ ಕೊಂಡಿದ್ದಳು. ಮೂರನೇ ಮಳೆಗಾಲಕ್ಕೆ ಗೋಡೆ ಕಡೆಯ ಕಾಲಿನ ಮೇಲೆ ಸಣ್ಣ ಮಣ್ಣಿನ ಗೆರೆ ಹತ್ತಿತ್ತು. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು.

ಬಡಗಿ ಬಂದು ಕಾಲನ್ನು ಅಡ್ಡ ಕೊಯ್ದರು. ಮೂರು ಇಂಚು ದಪ್ಪದ ಕಾಲು. ಅದರಲ್ಲಿ ಎರಡು ಇಂಚು ಕಂದು ಮರ, ಕಲ್ಲಿನ ಹಾಗೆ ಗಟ್ಟಿ ಇತ್ತು. ಉಳಿದ ಒಂದು ಇಂಚು ಬಿಳಿ ಮರ. ಅದರೊಳಗೆ ಬರೀ ಮಣ್ಣು. ಎರಡೂ ಸಾಗವಾನಿಯೇ, ಒಂದೇ ತುಂಡು!

ಗೆದ್ದಲಿಗೆ ಒಗ್ಗದ ಎಣ್ಣೆಯಂಥ ಅಂಶ ಇರುವುದು ಮರದ ನಡುವಿನ ಕೆಚ್ಚಿನಲ್ಲಿ. ತೊಗಟೆ ಪಕ್ಕದ ಬಿಳಿ ಭಾಗ ಮರ ಬದುಕಿದ್ದಾಗ ನೀರು ಹರಿಸುತ್ತದೆ, ಹಿಟ್ಟಿನಂಶ ಕೂಡಿಡುತ್ತದೆ. ಅದು ಗೆದ್ದಲಿಗೆ ಊಟ. ಎಳೇ ಮರ ಕಡಿದರೆ ಈ ಬಿಳಿ ಜಾಸ್ತಿ.

ಪಾಲಿಶ್ ಮಾಡುವಾಗ ಬಿಳಿ ಭಾಗಕ್ಕೂ ಕಂದು ಬಣ್ಣ ಹಚ್ಚಿಬಿಟ್ಟರೆ ಮೇಲಿಂದ ಗೊತ್ತಾಗುವುದಿಲ್ಲ. ಅದಕ್ಕೇ ಮಂಚವನ್ನು ಮಗುಚಿ, ಕಾಲಿನ ತಳ ಮತ್ತು ಪಟ್ಟಿಗಳ ಹಿಂಬದಿ ನೋಡಿ. ಮಾಡಿಸುವುದಾದರೆ ಪಾಲಿಶ್‌ಗೆ ಮೊದಲೇ ಒಮ್ಮೆ ಹೋಗಿ. ಸ್ವಲ್ಪ ಬಿಳಿ ಇರುವ ತುಂಡು ತಲೆಬದಿಯ ಹಲಗೆಗೆ ಹೋದರೆ ಪರವಾಗಿಲ್ಲ, ಕಾಲಿಗೆ ಮಾತ್ರ ಬೇಡ. ಗೆದ್ದಲು ಹತ್ತುವುದು ನೆಲದಿಂದ ಅಲ್ವಾ?

ಪಾಲಿಶ್ ಗೆದ್ದಲನ್ನು ತಡೆಯುತ್ತದೆ ಅಂತ ನಂಬಬೇಡಿ. ಅರಗಿನ ಪಾಲಿಶ್ ಆಗಲಿ, ಮೆಲಮೈನ್ ಆಗಲಿ, ಪಿಯು ಆಗಲಿ, ಅದರ ಕೆಲಸ ಕಲೆ, ತೇವ ತಡೆಯುವುದು. ಅದೂ ಹಚ್ಚಿದ ಕಡೆ ಮಾತ್ರ. ಕಾಲಿನ ತಳವನ್ನು ಸಾಮಾನ್ಯವಾಗಿ ಪಾಲಿಶ್ ಹಚ್ಚದೇ ಬಿಟ್ಟಿರುತ್ತಾರೆ. ಅಲ್ಲಿಗೂ ಎರಡು ಕೈ ಹಚ್ಚಿಸಿ, ರಬ್ಬರ್ ಬುಷ್ ಹಾಕಿಸಿ. ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಮಣ್ಣಿನ ಗೆರೆ ಬಂದರೆ ಕಣ್ಣಿಗೆ ಬೀಳಬೇಕು.

ರಬ್ಬರ್ ಮರದ ಕಥೆ ಬೇರೆ. ಅದು ಪೂರ್ತಿ ಬಿಳಿಚು, ಹಿಟ್ಟಿನಂಶ ತುಂಬಿದ ಮರ. ತಾನಾಗೇ ಗೆದ್ದಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕೊಯ್ದ ಕೂಡಲೇ ಬೋರಾನ್ ಮದ್ದನ್ನು ಒತ್ತಡದಲ್ಲಿ ಒಳಗೆ ಇಳಿಸಿ ಒಣಗಿಸಿದರೆ ಸೋಫಾಕ್ಕೆ ಚೆನ್ನಾಗೇ ಬಾಳುತ್ತದೆ. ಮದ್ದು ಕಣ್ಣಿಗೆ ಕಾಣದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆ ಮದ್ದು ನೀರಿಗೆ ತೊಳೆದು ಹೋಗುತ್ತದೆ, ಹಾಗಾಗಿ ಜಗಲಿಗೆ ಹಾಕಬೇಡಿ. ಸಣ್ಣ ತೂತು ಬಿದ್ದು ಮೈದಾದಂಥ ಪುಡಿ ಉದುರಿದರೆ ಅದು ಗೆದ್ದಲಲ್ಲ, ಕುಟ್ಟೆ ಹುಳು.

ಪಾರ್ಟಿಕಲ್ ಬೋರ್ಡ್ ಮಂಚ ನನಗೆ ಒಪ್ಪಿಗೆಯಿಲ್ಲ. ನೆಲ ಒರೆಸುವ ನೀರು ತಾಗಿ ಅಂಚು ಉಬ್ಬುತ್ತದೆ, ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಕಾಲು, ಚೌಕಟ್ಟು ಕೆಚ್ಚಿನ ಸಾಗವಾನಿಯದು ಮಾಡಿಸಿ, ಹಾಸಿಗೆಯ ಕೆಳಗೆ ಒಳ್ಳೆಯ ಪ್ಲೈವುಡ್ ಹಾಕಿಸಿ. ಅಕ್ಕನ ಮಂಚಕ್ಕೂ ಬಡಗಿ ಆ ಒಂದು ಕಾಲನ್ನಷ್ಟೇ ಬದಲಿಸಿದರು, ಪೂರ್ತಿ ಕಂದು ಮರದ್ದು.