10,000 ಪೌಚ್ ಯಾರಿಗೆ ಬೇಕ್ರಿ?

ಇದು ಮುಂಬೈನ ಮಸ್ಜಿದ್ ಬಂದರ್. ಕೈಗಾಡಿಗಳ ನಡುವೆ ಕ್ಯಾಮೆರಾ ಅಲುಗಾಡ್ತಿದೆ, ಸಹಿಸ್ಕೊಳ್ಳಿ. ಡೊಂಬಿವಲಿಯ ನಮ್ಮನೇಲಿ ಮಾಡೋ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿಗೆ ಹೆಸರು ಪ್ರಿಂಟ್ ಆಗಿರೋ ಪೌಚ್ ಹುಡುಕ್ಕೊಂಡು ಬಂದಿದ್ದೆ. ಅಂಗಡಿ ಮ್ಯಾನೇಜರ್ ವಿಜಯಪುರದ ಕಡೆಯವರು. "ಅಕ್ಕಾರ, ಒಂದು ಡಿಸೈನಿಗೆ 10,000. ಅದಕ್ಕಿಂತ ಕಡಿಮಿ ಆಗೂದಿಲ್ರಿ" ಅಂದ್ರು. ಮೂರು ಚಟ್ನಿಗೆ 30,000! ಅಷ್ಟು ಪೌಚ್ ಇಡೋಕೆ ಮನೆಯವರನ್ನ ಹೊರಗೆ ಮಲಗಿಸಬೇಕು.

"ಸ್ವಲ್ಪ ಕಡಿಮೆ ಮಾಡ್ರಿ" ಅಂತ ಗೋಗರೆಯೋ ಬದಲು, ಆ 10,000 ಯಾಕೆ ಅಂತ ಕೇಳಿದೆ. ಗ್ರೇವ್ಯೂರ್ ಪ್ರಿಂಟಿಂಗ್‌ಗೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸಿಲಿಂಡರ್ ಕೆತ್ತಿಸಬೇಕು. ಮಷೀನ್ ಶುರುವಾದ ಮೇಲೆ ಬಣ್ಣಗಳು ಸರಿಯಾಗಿ ಒಂದರ ಮೇಲೊಂದು ಕೂರೋ ತನಕ ಓಡೋ ಫಿಲ್ಮ್ ಎಲ್ಲ ವೇಸ್ಟ್. ಆರ್ಡರ್ ಚಿಕ್ಕದಾದ್ರೆ ಆ ವೇಸ್ಟ್ ಚಿಕ್ಕದಾಗಲ್ಲ. ಅಂದ್ರೆ ಆ 10,000 ಪ್ರಿಂಟಿಂಗ್‌ದು, ಪೌಚಿಂದಲ್ಲ.

"ಹಂಗಾದ್ರ ಪ್ರಿಂಟ್ ಇಲ್ಲದ ಪೌಚ್ ಸ್ಟಾಕ್‌ನಾಗ ಐತೇನ್ರಿ?" ಇತ್ತು. ಜಿಪ್ ಇರೋ, ಒಳಗೆ ಫಾಯಿಲ್ ಇರೋ, 200 ಗ್ರಾಂ ಹಿಡಿಯೋ ಪೌಚ್. ಅದಕ್ಕೆ 2,000 ಮಿನಿಮಮ್ ಅಂದ್ರು. ಮೂರೂ ಚಟ್ನಿಗೆ ಒಂದೇ ಪೌಚ್, ಮೇಲೆ ಬೇರೆ ಬೇರೆ ಸ್ಟಿಕರ್. ನಾಳೆ ವಿಳಾಸ ಬದಲಾದ್ರೂ ಸ್ಟಿಕರ್ ಮಾತ್ರ ಹೋಗುತ್ತೆ.

ಸ್ಯಾಂಪಲ್ ಇಸ್ಕೊಂಡು ಬಂದು ಪುಡಿ ತುಂಬಿ, ಸೀಲ್ ಮಾಡಿ, ನ್ಯೂಸ್‌ಪೇಪರ್ ಮೇಲೆ ಮಲಗಿಸಿ ತೂಕ ಇಟ್ಟೆ. ಒಂದೇ ಒಂದು ಪೌಚಿನ ಕೆಳಗೆ ಪೇಪರ್ ಎಣ್ಣೆ ಹೀರಿತ್ತು. ಬಿಚ್ಚಿ ನೋಡಿದ್ರೆ ಸೀಲ್ ಗೆರೆಯಲ್ಲಿ ಶೇಂಗಾ ಪುಡಿ ಸಿಕ್ಕಿಕೊಂಡಿದೆ. ತುಂಬಿದ ಮೇಲೆ ಬಾಯಿ ಒರೆಸಿ ಸೀಲ್ ಮಾಡಿದ್ರೆ ಸೋರಲ್ಲ. ಪೌಚಿನ ತಪ್ಪಲ್ಲ ಅಂತ ಖಾತ್ರಿಯಾದ ಮೇಲೇ ವಾಟ್ಸಾಪ್ ಮಾಡಿದ್ದು:

"ಅಣ್ಣಾರ, ಸ್ಯಾಂಪಲ್ ಛಲೋ ಅದಾವ. ಮೊದಲ ಸಲ 1,000 ಕೊಡ್ರಿ. ಪೌಚಿಗೆ 1 ರೂಪಾಯಿ ಹೆಚ್ಚಿಗೆ ಕೊಡ್ತೀನಿ, ಪೂರ್ತಿ ರೊಕ್ಕ ಮುಂಗಡ, ಮಾಲು ನಾನೇ ಒಯ್ತೀನಿ. ಇವು ಮಾರಿದ್ರ ಮುಂದಿನದು 2,000, ನಿಮ್ಮ ಮಾಮೂಲಿ ರೇಟಿಗೆ."

"ಮುಂದೆ ಲಕ್ಷಗಟ್ಟಲೆ ತಗೋತೀನಿ" ಅಂತ ಬರೀಲಿಲ್ಲ. ಅದನ್ನ ಅವರು ದಿನಾ ಕೇಳ್ತಾರೆ, ಯಾರೂ ನಂಬಲ್ಲ. ಹೆಚ್ಚಿಗೆ ಕೊಟ್ಟಿದ್ದು ನನಗೂ ಹೊರೆಯಲ್ಲ: 1,000 ಪೌಚಿಗೆ 1,000 ರೂಪಾಯಿ. ಪೌಚ್ 6 ರೂಪಾಯಿ ಅಂದ್ಕೊಂಡ್ರೂ, 2,000 ತಗೊಂಡ್ರೆ ಮಾರದೆ ಉಳಿಯೋ 1,000 ಪೌಚ್ 6,000 ರೂಪಾಯಿ ನುಂಗುತ್ತೆ.

ಅವರ ಉತ್ತರ: "ಪೆಟಿಗಿ ಒಡಿಯೂದಿಲ್ರಿ ಅಕ್ಕಾರ. ಒಂದು ಪೆಟಿಗಿಗೆ 1,200 ಬರ್ತಾವ, ಅಷ್ಟೂ ಒಯ್ರಿ." ಒಪ್ಪಿದೆ. ಒಡೆದ ಪೆಟ್ಟಿಗೆ ಅವರ ಗೋಡೌನ್‌ನಲ್ಲಿ ಹಾಗೇ ಕೂರುತ್ತೆ, ಆ ತೊಂದರೆ ನಿಜ. ಬಿಲ್‌ನಲ್ಲಿ ರೇಟಿನ ಪಕ್ಕ ಪೌಚ್ ಎಷ್ಟು ಮೈಕ್ರಾನ್ ದಪ್ಪ ಅಂತಲೂ ಬರೆಸ್ಕೊಂಡೆ. ಎರಡನೇ ಸಲ ತೆಳ್ಳಗಿನ ಮಾಲು ಬಂದ್ರೆ ಈ ಬಿಲ್ ತೋರಿಸ್ತೀನಿ.