ಜಡ್ಜ್ ಓದುವ ಆ ಅರ್ಧ ಪುಟ

ನಮಸ್ಕಾರ. ಇವತ್ತು ಮೂರೇ ವಾಕ್ಯಗಳ ಬಗ್ಗೆ ಮಾತಾಡ್ತೀನಿ. ಕೋರ್ಟಿಗೆ ಹೋಗಬೇಕಿದ್ದ ಒಂದು ತಜ್ಞ ವರದಿಯ ಸಾರಾಂಶ ಅದು. ಊರು, ಹೆಸರು ಬೇಡ. ಅಂಕಿಗಳನ್ನೂ ಕೇಳೋಕೆ ಸುಲಭ ಆಗಲಿ ಅಂತ ಸ್ವಲ್ಪ ಬದಲಿಸಿದ್ದೇನೆ. ಮೊದಲು ಓದಿಬಿಡ್ತೀನಿ.

"ಕಟ್ಟಡದ ಪಿಲ್ಲರ್‌ಗಳ ಕಾಂಕ್ರೀಟ್ ಕಳಪೆ ಗುಣಮಟ್ಟದ್ದೆಂದು ಕಂಡುಬಂದಿದೆ. ಹ್ಯಾಮರ್ ಹಾಗೂ ಕೋರ್ ಪರೀಕ್ಷೆಗಳಲ್ಲಿ ಎಂ 25ಕ್ಕಿಂತ ಕಡಿಮೆ ಶಕ್ತಿ ದಾಖಲಾಗಿದೆ. ಆದ್ದರಿಂದ ಕಟ್ಟಡವು ವಾಸಕ್ಕೆ ಅಸುರಕ್ಷಿತವಾಗಿರುತ್ತದೆ."

ಇದನ್ನು ಬರೆದವರು ನನ್ನ ಜೊತೆ ಕೆಲಸ ಮಾಡುವ ಒಬ್ಬ ಯುವ ಎಂಜಿನಿಯರ್. ಒಳ್ಳೆಯ ಕೆಲಸಗಾರ. ಸೈಟಿನಲ್ಲಿ ಅವರು ಮಾಡಿದ ಪರೀಕ್ಷೆಯಲ್ಲಿ ಒಂದು ತಪ್ಪೂ ಇರಲಿಲ್ಲ. 40 ಪುಟದ ವರದಿ, ಫೋಟೋ, ಲ್ಯಾಬ್ ಶೀಟ್, ಎಲ್ಲ ಅಚ್ಚುಕಟ್ಟು. ಆದರೆ ಜಡ್ಜ್ ಮೊದಲು ಓದುವುದು ಈ ಸಾರಾಂಶ. ಇದರಲ್ಲಿ ಅವರು ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಅಂತ ಗೊತ್ತೇ ಆಗಲ್ಲ.

ಪ್ರಕರಣ ಇಷ್ಟು. 11 ವರ್ಷ ಹಳೆಯ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್. ಹಿಂಭಾಗದಲ್ಲಿ ಬಿರುಕು. ನಿವಾಸಿಗಳು ಬಿಲ್ಡರ್ ಮೇಲೆ ದಾವೆ ಹಾಕಿದ್ದಾರೆ. ನಕ್ಷೆಯಲ್ಲಿ ಬರೆದಿದ್ದ ಕಾಂಕ್ರೀಟ್ ಎಂ 25. ಅಂದರೆ ಅದೇ ಕಾಂಕ್ರೀಟ್‌ನಲ್ಲಿ ಅಚ್ಚು ಹಾಕಿದ ಕ್ಯೂಬ್ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು. ಇನ್ನು ಮುಂದೆ ಸುಮ್ನೆ 25 ಅಂತೀನಿ. ನೆಲಮಹಡಿಯಲ್ಲಿ 16 ಪಿಲ್ಲರ್. ಅದರಲ್ಲಿ ಹಿಂಭಾಗದ ಮೂರರಿಂದ ಒಂದೊಂದು ಕೋರ್ ಕೊರೆದು ತೆಗೆದಿದ್ದಾರೆ. ಕೋರ್ ಅಂದರೆ ಡ್ರಿಲ್ ಮಾಡಿ ಹೊರತೆಗೆದ ಕಾಂಕ್ರೀಟಿನ ಉರುಳೆ. ಅದನ್ನು ಲ್ಯಾಬಿನಲ್ಲಿ ಒತ್ತಿ ಒಡೆಯುತ್ತಾರೆ. ಬಂದ ಅಂಕಿಯನ್ನು ಉರುಳೆಯ ಉದ್ದ, ದಪ್ಪಕ್ಕೆ ತಕ್ಕಂತೆ ತಿದ್ದಿ, ಕ್ಯೂಬಿನ ಲೆಕ್ಕಕ್ಕೆ ತರುತ್ತಾರೆ. ಹಾಗೆ ಬಂದದ್ದು 17.6, 19.2 ಮತ್ತು 20.8. ಸರಾಸರಿ 19.2.

19.2 ಅನ್ನೋದು 25ಕ್ಕಿಂತ ಕಡಿಮೆ, ಮುಗೀತು ಅಂತ ಅನ್ನಿಸುತ್ತೆ ಅಲ್ವಾ? ಸಾರಾಂಶವೂ ಅದನ್ನೇ ಹೇಳಿದೆ. ಆದರೆ ಹೋಲಿಸಬೇಕಾದ ಅಂಕಿ 25 ಅಲ್ಲ. ಲ್ಯಾಬಿನ ಕ್ಯೂಬನ್ನು ಚೆನ್ನಾಗಿ ಕುಟ್ಟಿ, ನೀರಲ್ಲಿಟ್ಟು ಬೆಳೆಸಿರುತ್ತಾರೆ. ಪಿಲ್ಲರಿನ ಕಾಂಕ್ರೀಟಿಗೆ ಆ ಆರೈಕೆ ಇರಲ್ಲ. ಕೊರೆಯುವಾಗಲೂ ಅದಕ್ಕೆ ಪೆಟ್ಟಾಗುತ್ತೆ. ಅದಕ್ಕೇ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಕೋರ್‌ಗೆ ಬೇರೆ ಅಳತೆಗೋಲು ಇಟ್ಟಿದೆ. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ, ನಕ್ಷೆಯಲ್ಲಿ ಹೇಳಿದ ಶಕ್ತಿಯ ಶೇ 85 ಮುಟ್ಟಬೇಕು. ಯಾವ ಒಂದು ಕೋರೂ ಶೇ 75ಕ್ಕಿಂತ ಕೆಳಗೆ ಇಳಿಯಬಾರದು. ಎಂ 25ಕ್ಕೆ ಅದು 21.25 ಮತ್ತು 18.75.

ಈಗ ಮತ್ತೆ ನೋಡಿ. ಸರಾಸರಿ 19.2, ಬೇಕಿದ್ದದ್ದು 21.25. ಫೇಲ್. ಒಂದು ಕೋರ್ 17.6, ಬೇಕಿದ್ದದ್ದು 18.75. ಅದೂ ಫೇಲ್. ತೀರ್ಮಾನ ಬದಲಾಗಲಿಲ್ಲ, ನಿಜ. ಆದರೆ ಅದೇ ಸರಾಸರಿ 22 ಬಂದಿದ್ದರೆ? ಒಂದೂ ಕೋರ್ 18.75ಕ್ಕಿಂತ ಕೆಳಗೆ ಇರದಿದ್ದರೆ? ನಮ್ಮ ಹಳೆಯ ಸಾರಾಂಶ ಆಗಲೂ "ಎಂ 25ಕ್ಕಿಂತ ಕಡಿಮೆ" ಅಂತಲೇ ಹೇಳುತ್ತಿತ್ತು. ಪಾಸಾದ ಕಾಂಕ್ರೀಟನ್ನು ಫೇಲ್ ಮಾಡಿಬಿಡುತ್ತಿತ್ತು. ಹಾಗಾಗಿ ಅಳತೆಗೋಲು ಸಾರಾಂಶದೊಳಗೇ ಇರಬೇಕು, ಅನುಬಂಧದಲ್ಲಿ ಅಲ್ಲ.

ಇನ್ನು ಹ್ಯಾಮರ್. ಪಿಲ್ಲರಿನ ಮೈಗೆ ಒತ್ತಿ ಹೊಡೆದರೆ ಒಳಗೆ ಸ್ಪ್ರಿಂಗಿಗೆ ಕಟ್ಟಿದ ತೂಕ ಎಷ್ಟು ಪುಟಿಯಿತು ಅಂತ ತೋರಿಸುವ ಉಪಕರಣ ಅದು. ಅದರಿಂದ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ಇಲ್ಲಿ ಬಂದ ಅಂದಾಜು 22. ಸಾರಾಂಶ ಹ್ಯಾಮರನ್ನೂ ಕೋರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ಎರಡೂ ಸಮಾನ ಸಾಕ್ಷಿ ಅನ್ನೋ ಹಾಗೆ. ಆದರೆ ಹ್ಯಾಮರಿನ ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದು ಅಂತ ಭಾರತೀಯ ಮಾನಕವೇ, ಅಂದರೆ ಐಎಸ್ 13311ರ ಎರಡನೇ ಭಾಗವೇ ಹೇಳಿತ್ತು. 22ಕ್ಕೆ ಶೇ 25 ಅಂದರೆ 16.5ರಿಂದ 27.5ರವರೆಗೆ. ಅದರೊಳಗೆ ಎಂ 25 ಇದೆ, ತೀರಾ ದುರ್ಬಲ ಕಾಂಕ್ರೀಟೂ ಇದೆ. ಅಂದಮೇಲೆ ಅದು ಯಾರ ಪರವಾಗಿಯೂ ಸಾಕ್ಷಿ ಅಲ್ಲ. ಜೊತೆಗೆ ಹಳೆಯ ಕಾಂಕ್ರೀಟಿನ ಮೇಲ್ಮೈ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತೆ. ಆಗ ಹ್ಯಾಮರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ಎಲ್ಲಿ ಕೊರೆಯಬೇಕು ಅಂತ ಆರಿಸೋಕೆ ಹ್ಯಾಮರ್ ಚೆನ್ನಾಗಿದೆ. ತೀರ್ಮಾನ ಹೇಳೋಕೆ ಅದನ್ನು ಕರೆತರಬಾರದು.

ಈಗ ನನಗೆ ಅತಿ ಹೆಚ್ಚು ಕಳವಳ ತಂದ ಪದ. ಅಸುರಕ್ಷಿತ.

ಕೋರ್ ಪರೀಕ್ಷೆ ಉತ್ತರಿಸುವ ಪ್ರಶ್ನೆ ಒಂದೇ. ಹೇಳಿದ ಕಾಂಕ್ರೀಟ್ ಹಾಕಿದ್ದಾರಾ? ಪಿಲ್ಲರ್ ತನ್ನ ಭಾರ ಹೊರುತ್ತದಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಪಿಲ್ಲರಿನ ಅಳತೆ, ಒಳಗಿನ ಕಬ್ಬಿಣ, ಮೇಲಿನ ಭಾರ ಎಲ್ಲ ಸೇರಿಸಿ ಲೆಕ್ಕ ಮಾಡಬೇಕು. ಸ್ಲ್ಯಾಬ್, ಬೀಮ್ ಆದರೆ ಮೇಲೆ ಭಾರ ಹೇರಿ ಪರೀಕ್ಷಿಸಬಹುದು. ಪಿಲ್ಲರಿನಂಥ ಭಾಗಗಳಿಗೆ ಲೆಕ್ಕದ ದಾರಿಯೇ ಒಳ್ಳೆಯದು ಅಂತ ಐಎಸ್ 456 ಹೇಳುತ್ತೆ. ನಮ್ಮವರು ಆ ಲೆಕ್ಕ ಮಾಡಿರಲಿಲ್ಲ. ಮಾಡದ ಲೆಕ್ಕದ ಉತ್ತರ ಬರೆದಿದ್ದರು. ಆ ಕಟ್ಟಡದಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತೆ. ಆದರೆ ಪಾಟಿ ಸವಾಲಿನಲ್ಲಿ ಎದುರು ವಕೀಲರು "ಭಾರದ ಲೆಕ್ಕ ಮಾಡಿದ್ದೀರಾ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು. ಇಲ್ಲ ಅನ್ನಬೇಕು. ಆಗ ಆ ಪದದ ಜೊತೆಗೆ ಸರಿಯಾಗಿದ್ದ ಕೋರ್ ಫಲಿತಾಂಶದ ಮೇಲೂ ಅನುಮಾನ ಬೀಳುತ್ತೆ. ನಷ್ಟ ಆ ನಿವಾಸಿಗಳಿಗೇ.

ನಮ್ಮ ಭಾಷೆಯ ವಿಷಯ ಒಂದು ಹೇಳಲೇಬೇಕು. ವರದಿಗಳಲ್ಲಿ "ಕಂಡುಬಂದಿದೆ" ಅಂತ ಬರೆಯುವ ಅಭ್ಯಾಸ ನಮಗೆ. ಯಾರಿಗೆ ಕಂಡಿತು? ಕಣ್ಣಿಗಾ, ಯಂತ್ರಕ್ಕಾ, ಅಥವಾ ನಿವಾಸಿಗಳು ಹೇಳಿದ್ದಾ? ಮೂರಕ್ಕೂ ಅದೇ ಪದ. ಅದಕ್ಕಿಂತ ಅಪಾಯದ್ದು "ಇರಬೇಕು". "ಪಿಲ್ಲರಿನಲ್ಲಿ ಎಂ 25 ಇರಬೇಕು" ಅಂದರೆ ಇರತಕ್ಕದ್ದು ಅಂತಲಾ, ಬಹುಶಃ ಇದೆ ಅಂತಲಾ? ಮಾತಿನಲ್ಲಿ ಧ್ವನಿಯಿಂದ ಗೊತ್ತಾಗುತ್ತೆ. ಕಾಗದದ ಮೇಲೆ ಗೊತ್ತಾಗಲ್ಲ. ಒಂದೇ ವಾಕ್ಯವನ್ನು ಎರಡೂ ಕಡೆಯ ವಕೀಲರು ತಮ್ಮ ಕಡೆಗೆ ಎಳೆಯಬಹುದು. ಹಾಗಾಗಿ ನಾನು "ಅಳೆದೆವು", "ಲೆಕ್ಕ ಹಾಕಿದೆವು", "ನಮಗೆ ತಿಳಿಸಿದರು" ಅಂತ ಬಿಡಿಸಿ ಬರೆಸ್ತೀನಿ.

ಕೂತು ತಿದ್ದಿದ ಮೇಲೆ ಸಾರಾಂಶ ಹೀಗಾಯಿತು.

"ನಮ್ಮನ್ನು ಕೇಳಿದ ಪ್ರಶ್ನೆ: ನೆಲಮಹಡಿಯ ಪಿಲ್ಲರ್‌ಗಳಲ್ಲಿ ನಕ್ಷೆಯಲ್ಲಿರುವಂತೆ ಎಂ 25 ಕಾಂಕ್ರೀಟ್ ಹಾಕಲಾಗಿದೆಯೇ?

ಹಿಂಭಾಗದ ಮೂರು ಪಿಲ್ಲರ್‌ಗಳಿಂದ ತಲಾ ಒಂದು ಕೋರ್ ತೆಗೆದು ಪರೀಕ್ಷಿಸಿದೆವು. ಕ್ಯೂಬಿನ ಲೆಕ್ಕದಲ್ಲಿ ಸರಾಸರಿ ಶಕ್ತಿ 19.2. ಐಎಸ್ 456ರ ಪ್ರಕಾರ ಕನಿಷ್ಠ 21.25 ಇರತಕ್ಕದ್ದು. ಅತಿ ಕಡಿಮೆ ಬಂದ ಕೋರ್ 17.6. ಯಾವ ಕೋರೂ 18.75ಕ್ಕಿಂತ ಕಡಿಮೆ ಇರುವಂತಿಲ್ಲ. ಆದ್ದರಿಂದ ಈ ಮೂರು ಪಿಲ್ಲರ್‌ಗಳ ಕಾಂಕ್ರೀಟ್ ಎಂ 25ರ ಮಾನಕಕ್ಕೆ ಹೊಂದುವುದಿಲ್ಲ. ಈ ಬಗ್ಗೆ ನಮಗೆ ಹೆಚ್ಚಿನ ಭರವಸೆ ಇದೆ. ಮೂರೂ ಕೋರ್‌ಗಳು ತಲಾ ಸುಮಾರು 2ರಷ್ಟು ಹೆಚ್ಚು ತೋರಿಸಿದ್ದರೆ ಮಾತ್ರ ಸರಾಸರಿ ಸಾಕಾಗುತ್ತಿತ್ತು. ಕೋರ್‌ಗಳಲ್ಲಿ ಕಬ್ಬಿಣ ಸಿಕ್ಕಿಲ್ಲ, ತುದಿಗಳನ್ನು ಸಮ ಮಾಡಲಾಗಿದೆ. ಅಂಥ ದೋಷದಿಂದ ಫಲಿತಾಂಶ ಕಡಿಮೆ ಬಂದಿದೆ ಎನ್ನಲು ಕಾರಣ ಕಾಣಲಿಲ್ಲ.

ಉಳಿದ 13 ಪಿಲ್ಲರ್‌ಗಳ ಬಗ್ಗೆ ಅಭಿಪ್ರಾಯ ಕೊಡುತ್ತಿಲ್ಲ. ಬಿರುಕು ಇದ್ದ ಕಡೆಯೇ ನಾವು ಕೋರ್ ತೆಗೆದಿದ್ದೇವೆ. ಹಾಗಾಗಿ ಈ ಮೂರನ್ನು ಇಡೀ ಕಟ್ಟಡದ ಮಾದರಿ ಎಂದು ಪರಿಗಣಿಸಲಾಗದು.

ಕಟ್ಟಡ ಸುರಕ್ಷಿತವೇ ಎಂಬುದನ್ನು ಈ ಪರೀಕ್ಷೆಗಳಿಂದ ಹೇಳಲಾಗದು. ಅದಕ್ಕೆ ಪಿಲ್ಲರ್‌ಗಳ ಅಳತೆ, ಕಬ್ಬಿಣ ಮತ್ತು ಭಾರ ಸೇರಿಸಿದ ಲೆಕ್ಕ ಬೇಕು. ಆ ಲೆಕ್ಕವನ್ನು ನಾವು ಮಾಡಿಲ್ಲ."

ಇದು ಮೂರು ವಾಕ್ಯಕ್ಕಿಂತ ಉದ್ದ, ಒಪ್ತೀನಿ. ಅರ್ಧ ಪುಟ. ಹ್ಯಾಮರ್ ಸಾರಾಂಶದಿಂದ ಹೋಯಿತು, ವರದಿಯ ಒಳಗೆ ಉಳಿದಿದೆ. "ಕಳಪೆ" ಕೂಡ ಹೋಯಿತು. ಅದು ಅಳತೆಯ ಪದ ಅಲ್ಲ, ದೂರಿನ ಪದ. "ಹೆಚ್ಚಿನ ಭರವಸೆ" ಅಂದದ್ದಕ್ಕೆ ಪಕ್ಕದಲ್ಲೇ ಕಾರಣವೂ ಇದೆ. ಅಲ್ಲೊಂದು ಶೇಕಡಾ ಅಂಕಿ ಹಾಕೋಣ, ಶೇ 95 ಅನ್ನೋಣ ಅಂತ ಅವರು ಕೇಳಿದರು. ಬೇಡ ಅಂದೆ. ಮೂರು ಕೋರ್ ಇಟ್ಟುಕೊಂಡು ಆ ಅಂಕಿಯನ್ನು ಎಲ್ಲಿಂದ ತಂದಿರಿ ಅಂದರೆ ನಮ್ಮ ಹತ್ತಿರ ಉತ್ತರ ಇಲ್ಲ. ಎಷ್ಟು ತಪ್ಪಾಗಿದ್ದರೆ ತೀರ್ಮಾನ ಬದಲಾಗುತ್ತಿತ್ತು ಅನ್ನೋದನ್ನು ಮಾತ್ರ ಯಾರು ಬೇಕಾದರೂ ಕೂಡಿಸಿ ನೋಡಬಹುದು.

ನಿವಾಸಿಗಳ ವಕೀಲರಿಗೆ ಇದು ಇಷ್ಟ ಆಗಲಿಲ್ಲ. "ಸರ್, ಕೊನೆಯ ಎರಡು ಪ್ಯಾರಾ ತೆಗೆದುಬಿಡಿ, ಕೇಸ್ ವೀಕ್ ಆಗುತ್ತೆ" ಅಂದರು. ನಾನು ಅವರಿಗೆ 1999ರ ಒಂದು ತೀರ್ಪು ನೆನಪಿಸಿದೆ. ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈ ಲಾಲ್ ಪ್ರಕರಣ. ಸೇಬಿನ ತೋಟಗಳ ಇಳುವರಿ ಅಂದಾಜು ಮಾಡಿದ ಅಧಿಕಾರಿಯ ಸಾಕ್ಷ್ಯದ ಪ್ರಶ್ನೆ ಅಲ್ಲಿ ಬಂದಿತ್ತು. ತೀರ್ಮಾನ ಸರಿಯೋ ತಪ್ಪೋ ಅಂತ ಜಡ್ಜ್ ತಾವೇ ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಆಧಾರ ಒದಗಿಸುವುದು ತಜ್ಞರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ ಹೇಳಿತು. ತಜ್ಞರ ಅಭಿಪ್ರಾಯದ ಬಗ್ಗೆ ಇದ್ದ ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆಗಿದೆ. ಅದರಲ್ಲೂ ನಮ್ಮ ಮಾತು ಅಭಿಪ್ರಾಯವೇ. ತೀರ್ಪು ಕೊಡುವವರು ಜಡ್ಜ್.

ಆಮೇಲೆ ಅವರಿಗೆ ಇನ್ನೊಂದು ಮಾತು ಹೇಳಿದೆ. ಆ ಎರಡು ಪ್ಯಾರಾ ನಿಮ್ಮ ಕೈಗೆ ಒಂದು ದಾರಿ ಕೊಡುತ್ತೆ. ಉಳಿದ 13 ಪಿಲ್ಲರ್ ಪರೀಕ್ಷೆ ಆಗಿಲ್ಲ, ಭಾರದ ಲೆಕ್ಕ ಆಗಿಲ್ಲ ಅಂತ ವರದಿಯೇ ಹೇಳುತ್ತಿದೆ. ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ನೀವೇ ಅರ್ಜಿ ಹಾಕಬಹುದು. ಎಲ್ಲಿ ಕೊರೆಯಬೇಕು ಅನ್ನೋದನ್ನು ಎರಡೂ ಕಡೆಯವರ ಎದುರಿಗೆ, ಚೀಟಿ ಎತ್ತಿ ಆರಿಸಲಿ ಅಂತ ಕೇಳಿ. ಆಗ ಬಿರುಕು ಇದ್ದ ಕಡೆಯೇ ಕೊರೆದಿರಿ ಅನ್ನೋ ಮಾತು ಬರಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಕೋರಿಗೆ ಎಷ್ಟು ಖರ್ಚಾಗುತ್ತೆ, ಕೊರೆದ ತೂತನ್ನು ಏನಿಂದ ಮುಚ್ಚುತ್ತೀರಿ ಅಂತ ಕೇಳಿದರು. ಕುಗ್ಗದ ಗ್ರೌಟ್ ತುಂಬಿ ಮುಚ್ತೀವಿ ಅಂದೆ. ಪ್ಯಾರಾಗಳು ಹಾಗೇ ಉಳಿದವು.